ಒಂದೇ ಸರ್ಚ್‌ಗೆ ನಿಮ್ಮದೇ ಎರಡು ವಿಡಿಯೋ ಪೈಪೋಟಿಗೆ ಬಿದ್ದರೆ: ದೋಷ ಪತ್ತೆ ಮತ್ತು ಪರಿಹಾರ

ಈ ದೋಷದ ಲಕ್ಷಣ ಹೀಗಿರುತ್ತದೆ. ನಿಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಹತ್ತಿರ ಹತ್ತಿರದ ವಿಷಯದ ಎರಡು ವಿಡಿಯೋ ಇವೆ. ಜನ ಒಂದು ಮಾತು ಟೈಪ್ ಮಾಡಿ ಹುಡುಕುತ್ತಾರೆ. ಕೆಲವು ದಿನ ಮೊದಲನೆಯದು ಮೇಲೆ ಬರುತ್ತದೆ, ಕೆಲವು ದಿನ ಎರಡನೆಯದು. ಇಲ್ಲವೇ ಆ ಹೊತ್ತಿಗೆ ಬೇಡವಾದ ಹಳೆಯ ವಿಡಿಯೋ ಮೇಲೆ ಕೂತುಬಿಡುತ್ತದೆ. ಜನ ಅದನ್ನು ಒತ್ತುತ್ತಾರೆ, ಅರ್ಧ ನಿಮಿಷ ನೋಡುತ್ತಾರೆ, ಹೊರಟು ಹೋಗುತ್ತಾರೆ. ಹೊಸ ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಕೆಳಗೇ ಉಳಿಯುತ್ತದೆ.

ನಾನು ವಿಜಯಪುರದಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಸುತ್ತಲಿನ ಕೆಲವು ರೈತರ ಚಾನೆಲ್‌ಗಳನ್ನೂ ನೋಡಿಕೊಳ್ಳುತ್ತೇನೆ. ಈ ಬರಹದಲ್ಲಿ ಒಂದೇ ಚಾನೆಲ್ ಹಿಡಿದು ಹೇಳುತ್ತೇನೆ. ಅದು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರದು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ.

ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಹಣ್ಣು ಕೊಯ್ದಾದ ಮೇಲೆ, ಏಪ್ರಿಲ್ ಆಸುಪಾಸು, ಬಳ್ಳಿಯನ್ನು ಗಿಡ್ಡಗೆ ಕತ್ತರಿಸಿ ಹೊಸ ಕಡ್ಡಿ ಬರಿಸುವುದು ಒಂದು. ಆ ಕಡ್ಡಿ ಬಲಿತ ಮೇಲೆ, ಅಕ್ಟೋಬರ್ ಆಸುಪಾಸು, ಹಣ್ಣಿಗಾಗಿ ಕತ್ತರಿಸುವುದು ಇನ್ನೊಂದು. ಏಪ್ರಿಲ್‌ನಲ್ಲಿ ಕಡ್ಡಿಯ ಬುಡದಲ್ಲಿ ಒಂದೆರಡು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಮಾತ್ರ ಉಳಿಸುತ್ತಾರೆ. ಅಕ್ಟೋಬರ್‌ನಲ್ಲಿ ಗೊನೆ ಯಾವ ಕಣ್ಣಿನಲ್ಲಿ ಕೂತಿದೆ ಎಂದು ನೋಡಿ, ಅಷ್ಟು ಕಣ್ಣು ಬಿಟ್ಟು ಕತ್ತರಿ ಹಾಕುತ್ತಾರೆ. ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಯಲ್ಲಿ ಬುಡದ ಕಣ್ಣುಗಳಲ್ಲಿ ಗೊನೆ ಸಿಗುವುದು ಕಡಿಮೆ. ಹೊಸದಾಗಿ ತೋಟ ಹಾಕಿದ ಹುಡುಗನೊಬ್ಬ ಅಕ್ಟೋಬರ್‌ನಲ್ಲಿ ಏಪ್ರಿಲ್ ವಿಡಿಯೋ ನೋಡಿ ಅದರಂತೆ ಕತ್ತರಿಸಿದರೆ ಆ ವರ್ಷದ ಬೆಳೆಯೇ ಹೋಗುತ್ತದೆ. ಹಾಗಾಗಿ ಇಲ್ಲಿ ವ್ಯೂಸ್ ಲೆಕ್ಕ ಆಮೇಲಿನದು. ತಪ್ಪು ವಿಡಿಯೋ ತಪ್ಪು ಹೊತ್ತಿಗೆ ಮೇಲೆ ಬರಬಾರದು, ಅದು ಮುಖ್ಯ.

ಕಾಕಾ ಎರಡೂ ಚಾಟನಿಗೆ ಒಂದೊಂದು ವಿಡಿಯೋ ಮಾಡಿದ್ದರು. ಟೈಟಲ್‌ಗಳು ಹೀಗಿದ್ದವು:

```
ದ್ರಾಕ್ಷಿ ಚಾಟನಿ ಮಾಡುವ ಸರಿಯಾದ ವಿಧಾನ | ದ್ರಾಕ್ಷಿ ಬೆಳೆ ಮಾಹಿತಿ
ದ್ರಾಕ್ಷಿ ಚಾಟನಿ ಹೇಗೆ ಮಾಡಬೇಕು | ದ್ರಾಕ್ಷಿ ಬೆಳೆ ಸಂಪೂರ್ಣ ಮಾಹಿತಿ
```

ಮೊದಲನೆಯದು ಏಪ್ರಿಲ್‌ನದು, ಎರಡನೆಯದು ಅಕ್ಟೋಬರ್‌ನದು. ಟೈಟಲ್ ಓದಿದರೆ ನಿಮಗೆ ಅದು ಗೊತ್ತಾಗುತ್ತದಾ? ಯೂಟ್ಯೂಬ್‌ಗೂ ಗೊತ್ತಾಗಲಿಲ್ಲ.

ಮೊದಲು: ಇದು ನಿಜವಾಗಿಯೂ ದೋಷವೇ?

ಒಂದು ಸರ್ಚ್‌ಗೆ ನಿಮ್ಮ ಎರಡು ವಿಡಿಯೋ ಕಂಡವು ಎಂದ ಕೂಡಲೇ ಗಾಬರಿ ಬೇಡ. ಎರಡೂ ಮೇಲೆ ಬಂದು, ಎರಡನ್ನೂ ಜನ ಪೂರ್ತಿ ನೋಡುತ್ತಿದ್ದರೆ ಅದು ಲಾಭವೇ. ಪಟ್ಟಿಯಲ್ಲಿ ಎರಡು ಜಾಗ ನಿಮ್ಮದಾದವು. ಅಂಥದ್ದನ್ನು ಮುಟ್ಟಲೇಬೇಡಿ.

ಸೀಸನ್ ಇಳಿದಾಗಲೂ ಇದೇ ಥರ ಕಾಣುತ್ತದೆ. ಚಾಟನಿ ಮುಗಿದ ಮೇಲೆ ಚಾಟನಿ ಹುಡುಕುವವರು ಯಾರು? ಡಿಸೆಂಬರ್‌ನಲ್ಲಿ ವ್ಯೂಸ್ ಬಿದ್ದರೆ ಅದಕ್ಕೆ ಎರಡು ವಿಡಿಯೋಗಳ ಪೈಪೋಟಿ ಕಾರಣ ಅಲ್ಲ. ಆದ್ದರಿಂದ ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಬೇಡಿ. ಈ ಅಕ್ಟೋಬರ್ ಅನ್ನು ಹೋದ ಅಕ್ಟೋಬರ್ ಜೊತೆ ಹೋಲಿಸಿ. ಅನಲಿಟಿಕ್ಸ್‌ನಲ್ಲಿ ತಾರೀಕು ಆರಿಸುವ ಕಡೆ ಕಸ್ಟಮ್ ಅಂತ ಇರುತ್ತದೆ, ಅಲ್ಲಿ ಬೇಕಾದ ದಿನಗಳನ್ನು ಹಾಕಬಹುದು.

ದೋಷ ಎನ್ನಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು. ಒಂದೇ ಸರ್ಚ್ ಪದದಿಂದ ಎರಡೂ ವಿಡಿಯೋಗೆ ಜನ ಬರುತ್ತಿರಬೇಕು. ಮತ್ತು ಅವರಲ್ಲಿ ಒಂದು ಕಡೆಯವರು ಬೇಗ ಬಿಟ್ಟು ಹೋಗುತ್ತಿರಬೇಕು. ಮೊದಲನೆಯದು ಮಾತ್ರ ಇದ್ದರೆ ಅದು ಬರೀ ಹೋಲಿಕೆ. ಎರಡನೆಯದು ಮಾತ್ರ ಇದ್ದರೆ ತೊಂದರೆ ಆ ವಿಡಿಯೋದಲ್ಲೇ ಇದೆ, ಟೈಟಲ್, ಡಿಸ್ಕ್ರಿಪ್ಷನ್, ಟ್ಯಾಗ್‌ನಂಥ ಮೆಟಾಡೇಟಾದಲ್ಲಿ ಅಲ್ಲ.

ಪತ್ತೆ ಮಾಡುವ ಬಗೆ

ಈ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕೂರಿ, ಮೊಬೈಲ್ ಆಪ್‌ನಲ್ಲಿ ಎಲ್ಲ ಕಾಣುವುದಿಲ್ಲ. ಯೂಟ್ಯೂಬ್ ಸ್ಟುಡಿಯೋ ತೆರೆಯಿರಿ. ಕಂಟೆಂಟ್‌ಗೆ ಹೋಗಿ ಮೊದಲ ವಿಡಿಯೋದ ಅನಲಿಟಿಕ್ಸ್ ಒತ್ತಿ. ಅಲ್ಲಿ ರೀಚ್ ಎಂಬ ಟ್ಯಾಬ್ ಇದೆ. ಜನ ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ ಯೂಟ್ಯೂಬ್ ಸರ್ಚ್ ಅನ್ನು ಒತ್ತಿದರೆ, ಯಾವ ಯಾವ ಮಾತು ಟೈಪ್ ಮಾಡಿ ಬಂದರು ಎಂಬುದು ಸಾಲಾಗಿ ಬರುತ್ತದೆ. ಪ್ರತಿ ಸಾಲಿನ ಎದುರು ವ್ಯೂಸ್ ಮತ್ತು ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬುದೂ ಇರುತ್ತದೆ. ಎರಡನೇ ವಿಡಿಯೋಗೂ ಇದನ್ನೇ ಮಾಡಿ. ತಾರೀಕು ಎರಡಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಈಗ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಡಿ. ನಾನು ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಳ್ಳುತ್ತೇನೆ, ನೋಟ್‌ಬುಕ್ ಆದರೂ ಆಗುತ್ತದೆ. ಎರಡರಲ್ಲೂ ಇರುವ ಮಾತುಗಳಿಗೆ ಗುರುತು ಹಾಕಿ. ತೀರಾ ಕಡಿಮೆ ಜನ ಬಳಸಿದ ಮಾತುಗಳು ಪಟ್ಟಿಯಲ್ಲಿ ಬಾರದೇ ಇರಬಹುದು, ಅವುಗಳ ಬಗ್ಗೆ ಚಿಂತೆ ಬೇಡ. ಮೇಲಿನ ಹತ್ತು ಹದಿನೈದು ಸಾಲು ಸಾಕು.

ಕಾಕಾ ಅವರ ಚಾನೆಲ್‌ನಲ್ಲಿ ಅಕ್ಟೋಬರ್ ತಿಂಗಳ ಪಟ್ಟಿ ತೆಗೆದೆವು. `ದ್ರಾಕ್ಷಿ ಚಾಟನಿ` ಎರಡು ಕಡೆಯೂ ಮೇಲೇ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ `drakshi chatni` ಕೂಡ ಎರಡು ಕಡೆ. ಆದರೆ `ಅಕ್ಟೋಬರ್ ಚಾಟನಿ` ಎಂಬುದು ಏಪ್ರಿಲ್ ವಿಡಿಯೋದ ಪಟ್ಟಿಯಲ್ಲಿತ್ತು, ಅಕ್ಟೋಬರ್ ವಿಡಿಯೋದಲ್ಲಿ ಬಹಳ ಕೆಳಗಿತ್ತು. ಅಕ್ಟೋಬರ್ ಅಂತ ಸ್ಪಷ್ಟವಾಗಿ ಟೈಪ್ ಮಾಡಿದವರೂ ಏಪ್ರಿಲ್ ವಿಡಿಯೋಗೆ ಹೋಗುತ್ತಿದ್ದರು! ಇದು ಯಾಕೆ ಎಂದು ಮುಂದೆ ಹೇಳುತ್ತೇನೆ. ಕಾರಣ ನಿಜಕ್ಕೂ ಕಲಿಯಬೇಕಾದದ್ದು.

ಆಮೇಲೆ ನೋಡಿದ ಹೊತ್ತು. ಅದೇ `ದ್ರಾಕ್ಷಿ ಚಾಟನಿ` ಎಂಬ ಮಾತಿನಿಂದ ಅಕ್ಟೋಬರ್ ವಿಡಿಯೋಗೆ ಬಂದವರು ಅರ್ಧಕ್ಕಿಂತ ಹೆಚ್ಚು ವಿಡಿಯೋ ನೋಡಿದ್ದರು. ಏಪ್ರಿಲ್ ವಿಡಿಯೋಗೆ ಬಂದವರು ಒಂದು ನಿಮಿಷವೂ ನಿಂತಿರಲಿಲ್ಲ. ಎರಡು ವಿಡಿಯೋಗಳ ಉದ್ದ ಬೇರೆ ಬೇರೆ ಇದ್ದರೆ ನಿಮಿಷಗಳನ್ನು ಹೋಲಿಸಬೇಡಿ, ಶೇಕಡಾ ಎಷ್ಟು ಭಾಗ ನೋಡಿದರು ಎಂಬುದನ್ನು ಹೋಲಿಸಿ. ಹತ್ತು ನಿಮಿಷದ ವಿಡಿಯೋದಲ್ಲಿ ನಾಲ್ಕು ನಿಮಿಷಕ್ಕೂ, ಐದು ನಿಮಿಷದ ವಿಡಿಯೋದಲ್ಲಿ ನಾಲ್ಕು ನಿಮಿಷಕ್ಕೂ ತುಂಬಾ ವ್ಯತ್ಯಾಸ ಇದೆ.

ಪಕ್ಕಾ ಮಾಡಿಕೊಳ್ಳಲು ಏಪ್ರಿಲ್ ವಿಡಿಯೋದ ರಿಟೆನ್ಶನ್ ಗ್ರಾಫ್ ತೆಗೆದೆವು, ಯಾವ ಸೆಕೆಂಡ್‌ನಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಎಂದು ಅದು ತೋರಿಸುತ್ತದೆ. ಅದು ಎಂಗೇಜ್‌ಮೆಂಟ್ ಟ್ಯಾಬ್‌ನಲ್ಲಿ ಸಿಗುತ್ತದೆ. ತಾರೀಕನ್ನು ಏಪ್ರಿಲ್‌ಗೆ ಇಟ್ಟಾಗ ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಅಕ್ಟೋಬರ್‌ಗೆ ಇಟ್ಟಾಗ ಮೊದಲ ಅರ್ಧ ನಿಮಿಷದಲ್ಲೇ ಧೊಪ್ಪಂತ ಬಿದ್ದಿತ್ತು. ಗೆರೆ ಬಿದ್ದ ಜಾಗಕ್ಕೆ ವಿಡಿಯೋ ಸರಿಸಿ ನೋಡಿದರೆ, ಕಾಕಾ ಕೈಯಲ್ಲಿ ಕತ್ತರಿ ಹಿಡಿದು, ಕಡ್ಡಿಯ ಬುಡ ತೋರಿಸಿ, ಇಲ್ಲಿ ಒಂದೇ ಕಣ್ಣು ಬಿಡ್ರಿ ಅನ್ನುತ್ತಿದ್ದರು. ತಿಳಿದ ರೈತ ಅಲ್ಲಿಗೆ ಇದು ನನಗೆ ಬೇಕಾದದ್ದಲ್ಲ ಎಂದು ಹೊರಟಿದ್ದ. ಒಂದೇ ವಿಡಿಯೋ, ಎರಡು ಸೀಸನ್, ಎರಡು ಥರದ ಗೆರೆ. ವಿಡಿಯೋ ಕೆಟ್ಟದ್ದಲ್ಲ, ಬಂದ ಜನ ಬೇರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಕಾಮೆಂಟ್‌ಗಳನ್ನೂ ಓದಿ. ಅಂಕಿಗಿಂತ ಮೊದಲು ದೋಷ ಕಾಣುವುದು ಅಲ್ಲೇ. ಏಪ್ರಿಲ್ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದರು: "ಇದು ಏಪ್ರಿಲ್ ಚಾಟನಿ ಐತ್ರಿ, ಅಕ್ಟೋಬರ್‌ದು ಇದ್ರ ಹಾಕ್ರಿ." ಅಕ್ಟೋಬರ್‌ದು ಆಗಲೇ ಚಾನೆಲ್‌ನಲ್ಲಿತ್ತು.

ಕೊನೆಗೆ ಕೈಯಿಂದ ಹುಡುಕಿ ನೋಡಿ. ನಿಮ್ಮ ಅಕೌಂಟ್‌ನಿಂದ ಅಲ್ಲ. ನೀವು ನಿಮ್ಮದೇ ವಿಡಿಯೋ ನೂರು ಸಲ ನೋಡಿರುತ್ತೀರಿ, ಅದಕ್ಕೆ ಅದು ನಿಮಗೆ ಮೇಲೇ ಕಾಣಬಹುದು. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು, ಲಾಗಿನ್ ಆಗದೆ ಹುಡುಕಿ. ಬೇರೆ ಬೇರೆ ದಿನ ನೋಡಿ, ಯಾವುದು ಎಷ್ಟನೆಯದು ಎಂದು ಬರೆದಿಡಿ. ಹಾಗೆ ಹುಡುಕುವಾಗ ಅರ್ಧ ಟೈಪ್ ಮಾಡಿ ಒಂದು ಕ್ಷಣ ನಿಲ್ಲಿ. ಕೆಳಗೆ ಯೂಟ್ಯೂಬ್ ತಾನೇ ತೋರಿಸುವ ಸಲಹೆಗಳು ಜನ ಬಳಸುವ ಮಾತುಗಳೇ. ಮುಂದೆ ಟೈಟಲ್ ಬರೆಯುವಾಗ ಅವು ಕೆಲಸಕ್ಕೆ ಬರುತ್ತವೆ.

ಮೂಲ ಎಲ್ಲಿದೆ

ಅಕ್ಟೋಬರ್ ಅಂತ ಟೈಪ್ ಮಾಡಿದವರು ಏಪ್ರಿಲ್ ವಿಡಿಯೋಗೆ ಹೋದದ್ದು ಹೇಗೆ? ಎರಡೂ ವಿಡಿಯೋದ ಡಿಸ್ಕ್ರಿಪ್ಷನ್ ತೆರೆದು ನೋಡಿದರೆ ಅಕ್ಷರಕ್ಕೆ ಅಕ್ಷರ ಒಂದೇ ಇತ್ತು. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ, ಔಷಧ, ಗೊಬ್ಬರ, ಒಣದ್ರಾಕ್ಷಿ, ಎಲ್ಲ ಸೇರಿಸಿ ಒಂದು ಉದ್ದನೆಯ ಸಾಲು. ಟ್ಯಾಗ್‌ಗಳೂ ಅವೇ.

ಇದು ಕಾಕಾ ಕೂತು ನಕಲು ಮಾಡಿದ್ದಲ್ಲ. ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ಡಿಫಾಲ್ಟ್ಸ್ ಎಂಬ ಜಾಗ ಇದೆ. ಅಲ್ಲಿ ಡಿಸ್ಕ್ರಿಪ್ಷನ್, ಟ್ಯಾಗ್ ತುಂಬಿಟ್ಟರೆ ಪ್ರತಿ ಹೊಸ ವಿಡಿಯೋಗೂ ಅದೇ ತಾನಾಗಿ ಬಂದು ಕೂರುತ್ತದೆ. ಚಾನೆಲ್ ಶುರು ಮಾಡಿದಾಗ ಯಾರೋ ಪರಿಚಯದವರು ಅನುಕೂಲಕ್ಕೆ ಅಂತ ತುಂಬಿಕೊಟ್ಟಿದ್ದರು. ಇನ್ನೊಂದು ದಾರಿ, ಅಪ್‌ಲೋಡ್ ಮಾಡುವಾಗ ಸಿಗುವ ರೀಯೂಸ್ ಡಿಟೇಲ್ಸ್ ಬಟನ್. ಅದು ಹಳೆಯ ವಿಡಿಯೋದ ವಿವರಗಳನ್ನು ಹೊಸದಕ್ಕೆ ಎಳೆದು ತರುತ್ತದೆ. ಎರಡೂ ಒಳ್ಳೆಯ ಸೌಲಭ್ಯಗಳೇ. ಆದರೆ ಹತ್ತಿರದ ವಿಷಯದ ವಿಡಿಯೋಗಳಲ್ಲಿ ಈ ದೋಷ ಹುಟ್ಟುವುದು ಬಹುಪಾಲು ಇಲ್ಲಿಂದಲೇ. ನಾನು ಮೊದಲು ತೆರೆದು ನೋಡುವುದೂ ಇದನ್ನೇ.

ಡಿಫಾಲ್ಟ್ಸ್‌ನಲ್ಲಿ ಫೋನ್ ಸಂಪರ್ಕ, ಚಾನೆಲ್ ಪರಿಚಯ, ಪ್ಲೇಲಿಸ್ಟ್ ಲಿಂಕ್ ಇಷ್ಟನ್ನು ಉಳಿಸಿ. ವಿಷಯದ ಮಾತು ಒಂದೂ ಅಲ್ಲಿ ಇರಬಾರದು. ಇದನ್ನು ಸರಿ ಮಾಡದೆ ಎರಡು ವಿಡಿಯೋ ಮಾತ್ರ ತಿದ್ದಿದರೆ ಮೂರನೆಯದು ಮತ್ತೆ ಅದೇ ತೊಂದರೆ ತರುತ್ತದೆ. ಡಿಫಾಲ್ಟ್ಸ್ ಬದಲಿಸಿದರೆ ಹಳೆಯ ವಿಡಿಯೋಗಳು ತಾನಾಗಿ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಅವನ್ನು ಒಂದೊಂದಾಗಿ ತೆರೆದೇ ತಿದ್ದಬೇಕು.

ಬೇರ್ಪಡಿಸುವುದು

ಎರಡರಲ್ಲಿ ಇದನ್ನೇ ಮೇಲೆ ತೋರಿಸು ಅಂತ ಯೂಟ್ಯೂಬ್‌ಗೆ ಹೇಳುವ ಬಟನ್ ಎಲ್ಲೂ ಇಲ್ಲ. ಯಾವ ವಿಡಿಯೋದಲ್ಲಿ ಏನಿದೆ ಎಂಬುದನ್ನು ಸ್ಪಷ್ಟ ಮಾಡಬಹುದು, ಅಷ್ಟೇ. ಉಳಿದದ್ದನ್ನು ನೋಡುವವರು ತೀರ್ಮಾನಿಸುತ್ತಾರೆ.

ಮೊದಲು ಮಾತುಗಳನ್ನು ಹಂಚಿ. ಗುರುತು ಹಾಕಿದ ಪ್ರತಿ ಮಾತಿನ ಎದುರು ಇದು ಯಾವ ವಿಡಿಯೋಗೆ ಸೇರಬೇಕು ಎಂದು ಬರೆಯಿರಿ. `ಏಪ್ರಿಲ್ ಚಾಟನಿ`, `ಅಕ್ಟೋಬರ್ ಚಾಟನಿ` ಸುಲಭ. ಕಷ್ಟ ಬರುವುದು ಬರೀ `ದ್ರಾಕ್ಷಿ ಚಾಟನಿ` ಎಂಬ ಮಾತಿಗೆ. ಇದನ್ನು ಏಪ್ರಿಲ್‌ನಲ್ಲಿ ಟೈಪ್ ಮಾಡಿದವರ ಮನಸ್ಸಿನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಟೈಪ್ ಮಾಡಿದವರ ಮನಸ್ಸಿನಲ್ಲಿ ಇನ್ನೊಂದು. ಇಲ್ಲಿ ಕಾಕಾ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು: "ತಮ್ಮಾ, ಎರಡೂ ಚಾಟನಿನ ಅಲ್ಲೇನು? ಬ್ಯಾರೆ ಹೆಸರು ಎಲ್ಲಿಂದ ತರೂದು?"

ಬೇರೆ ಹೆಸರು ತರಬೇಕಿಲ್ಲ. ಎರಡಕ್ಕೂ ಸೇರಿದ ಮಾತು ಎರಡರಲ್ಲೂ ಇರಲಿ, ಆದರೆ ಅದಕ್ಕಿಂತ ಮೊದಲು ಬೇರ್ಪಡಿಸುವ ಮಾತು ಬರಲಿ. ಅಕ್ಟೋಬರ್‌ನಲ್ಲಿ ಬರೀ ಚಾಟನಿ ಎಂದು ಹುಡುಕಿದವನಿಗೆ ಎರಡೂ ಕಂಡರೂ ಪರವಾಗಿಲ್ಲ. ಕಣ್ಣಿಗೆ ಬಿದ್ದ ಕೂಡಲೇ ಯಾವುದು ತನ್ನದು ಎಂದು ಗೊತ್ತಾದರೆ ಅವನು ಸರಿಯಾದದ್ದನ್ನೇ ಒತ್ತುತ್ತಾನೆ. ಹಾಗೆ ಒತ್ತಿ ನಿಂತು ನೋಡುವವರು ಹೆಚ್ಚಾದಂತೆ ಸರಿಯಾದ ವಿಡಿಯೋಗೆ ಮೇಲೆ ಬರುವ ಅವಕಾಶ ಹೆಚ್ಚುತ್ತದೆ. ಟೈಟಲ್‌ಗಳನ್ನು ಹೀಗೆ ಬದಲಿಸಿದೆವು:

```
ಏಪ್ರಿಲ್ ಚಾಟನಿ: ದ್ರಾಕ್ಷಿ ಕೊಯ್ಲಾದ ಮೇಲೆ ಹೊಸ ಕಡ್ಡಿಗೆ ಹೇಗೆ ಕತ್ತರಿಸಬೇಕು
ಅಕ್ಟೋಬರ್ ಚಾಟನಿ: ದ್ರಾಕ್ಷಿ ಹಣ್ಣಿಗೆ ಎಷ್ಟು ಕಣ್ಣು ಬಿಡಬೇಕು
```

ಟೈಟಲ್‌ಗೆ 100 ಅಕ್ಷರದ ತನಕ ಜಾಗ ಇದೆ, ಆದರೆ ಮೊಬೈಲ್‌ನಲ್ಲಿ ಉದ್ದದ ಟೈಟಲ್ ಕೊನೆಗೆ ಕತ್ತರಿಸಿ ಹೋಗುತ್ತದೆ. ಅದಕ್ಕೇ ತಿಂಗಳ ಹೆಸರು ಎಲ್ಲಕ್ಕಿಂತ ಮೊದಲು ಬಂದದ್ದು. ಕೊನೆಯಲ್ಲಿ ಹಾಕಿದ್ದರೆ ಹಳೆಯ ಟೈಟಲ್‌ಗೂ ಹೊಸದಕ್ಕೂ ಅಂಥ ವ್ಯತ್ಯಾಸ ಇರುತ್ತಿರಲಿಲ್ಲ. ಎರಡನೇ ಅರ್ಧದಲ್ಲಿ ಕೆಲಸವೇ ಬೇರೆ ಎಂದು ಹೇಳಿದ್ದೇವೆ, ಒಂದರಲ್ಲಿ ಹೊಸ ಕಡ್ಡಿ, ಇನ್ನೊಂದರಲ್ಲಿ ಕಣ್ಣಿನ ಲೆಕ್ಕ. ಸಂಪೂರ್ಣ ಮಾಹಿತಿ, ಸರಿಯಾದ ವಿಧಾನ ಎಂಬ ಮಾತುಗಳನ್ನು ಕಿತ್ತು ಹಾಕಿದೆವು. ಅವು ಯಾವ ವಿಡಿಯೋಗೆ ಬೇಕಾದರೂ ಹೊಂದುತ್ತವೆ, ಹಾಗಾಗಿ ಯಾವುದನ್ನೂ ಗುರುತಿಸುವುದಿಲ್ಲ.

ಡಿಸ್ಕ್ರಿಪ್ಷನ್‌ನಲ್ಲಿ ಮೊದಲ ಎರಡು ಸಾಲಿಗೆ ಜಾಸ್ತಿ ಗಮನ ಕೊಡಿ. ಇನ್ನಷ್ಟು ಎಂದು ಒತ್ತುವ ಮುಂಚೆ ಕಾಣುವುದು ಅಷ್ಟೇ. ಆ ಸಾಲುಗಳನ್ನು ಪಕ್ಕದ ತೋಟದವರಿಗೆ ಹೇಳುವಂತೆ ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಅಕ್ಟೋಬರ್ ವಿಡಿಯೋಗೆ ಬರೆದದ್ದು ಇದು:

```
ಅಕ್ಟೋಬರ್ ಚಾಟನಿಯಲ್ಲಿ ಬಲಿತ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕು,
ಗೊನೆ ಇರುವ ಕಣ್ಣನ್ನು ಹೇಗೆ ಗುರುತಿಸಬೇಕು ಎಂದು ತೋಟದಲ್ಲೇ ತೋರಿಸಿದ್ದೇವೆ.
```

ಇದರಲ್ಲಿ ಏಪ್ರಿಲ್ ಎಂಬ ಮಾತು ಇಲ್ಲ. ಏಪ್ರಿಲ್ ವಿಡಿಯೋದ ಮೊದಲ ಸಾಲುಗಳಲ್ಲಿ ಅಕ್ಟೋಬರ್ ಇಲ್ಲ. ಆದರೆ ತಪ್ಪಿ ಬಂದವರಿಗೆ ದಾರಿ ಬೇಕಲ್ವಾ? ಅದಕ್ಕೆ ಡಿಸ್ಕ್ರಿಪ್ಷನ್‌ನ ಕೆಳಗೆ ಇನ್ನೊಂದು ವಿಡಿಯೋದ ಲಿಂಕ್ ಒಂದೇ ಸಲ ಹಾಕಿ. ಅದೇ ಮಾತನ್ನು ನಾಲ್ಕಾರು ಸಲ ಬರೆದರೆ ಮತ್ತೆ ಹಳೇ ಗೊಂದಲ. ಟ್ಯಾಗ್‌ಗಳನ್ನು ಗುಂಪಾಗಿ ಡಿಸ್ಕ್ರಿಪ್ಷನ್‌ನಲ್ಲಿ ಸುರಿಯುವುದಂತೂ ಯೂಟ್ಯೂಬ್‌ನ ನಿಯಮಕ್ಕೇ ವಿರುದ್ಧ.

ಲಿಂಕ್‌ಗಿಂತ ಚೆನ್ನಾಗಿ ಕೆಲಸ ಮಾಡುವುದು ವಿಡಿಯೋ ನಡುವೆ ಮೂಲೆಯಲ್ಲಿ ಮೂಡುವ ಕಾರ್ಡ್ ಮತ್ತು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ ಕಾಮೆಂಟ್. ಕಾಕಾ ಒಂದೇ ಕಣ್ಣು ಬಿಡ್ರಿ ಅನ್ನುವ ಸೆಕೆಂಡ್‌ಗೆ ಸರಿಯಾಗಿ ಅಕ್ಟೋಬರ್ ವಿಡಿಯೋದ ಕಾರ್ಡ್ ಹಾಕಿದೆವು. ಜನ ಬಿಟ್ಟು ಹೋಗುತ್ತಿದ್ದ ಜಾಗವೇ ಅದು. ಹೋಗುವವರು ಹೊರಗೆ ಹೋಗುವ ಬದಲು ನಮ್ಮದೇ ಇನ್ನೊಂದು ವಿಡಿಯೋಗೆ ಹೋಗಲಿ ಎಂದು. ಕಾಮೆಂಟ್‌ನಲ್ಲಿ ಕಾಕಾ ತಮ್ಮ ಮಾತಲ್ಲೇ ಬರೆದರು: "ಇದು ಏಪ್ರಿಲ್ ಚಾಟನಿ ಐತ್ರಿ. ಈಗ ಹಣ್ಣಿನ ಚಾಟನಿ ಮಾಡೋರು ಇದನ್ನ ನೋಡಿ ಕಡ್ಡಿ ಕತ್ತರಿಸಬ್ಯಾಡ್ರಿ, ಕೆಳಗಿನ ಲಿಂಕ್ ಒತ್ರಿ." ನನ್ನ ಪ್ರಕಾರ ಇಡೀ ತಿದ್ದುಪಡಿಯಲ್ಲಿ ರೈತರಿಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಈ ಕಾಮೆಂಟ್.

ಟ್ಯಾಗ್‌ಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹುಡುಕಾಟದಲ್ಲಿ ಅವುಗಳ ಪಾತ್ರ ತೀರಾ ಕಡಿಮೆ, ಜನ ತಪ್ಪಾಗಿ ಟೈಪ್ ಮಾಡುವ ಪದಗಳಿಗೆ ಮುಖ್ಯವಾಗಿ ಉಪಯೋಗ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಚಾಟನಿಯನ್ನು ಚಾಟ್ನಿ ಎಂದೂ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ `chatni`, `chatani` ಎಂದೂ ಬರೆಯುತ್ತಾರೆ. ಅಂಥವನ್ನು ಟ್ಯಾಗ್‌ನಲ್ಲಿ ಹಾಕಿ, ಪ್ರತಿಯೊಂದರ ಜೊತೆ ತಿಂಗಳ ಹೆಸರು ಸೇರಿಸಿ. ಮುಗಿಯಿತು.

ಥಂಬ್‌ನೇಲ್ ಮಾತ್ರ ಬಿಡಬೇಡಿ. ಕಾಕಾ ಅವರ ಎರಡೂ ಥಂಬ್‌ನೇಲ್‌ನಲ್ಲಿ ಅದೇ ಹಸಿರು ಚಪ್ಪರ, ಅದೇ ನಗು, ಅದೇ ಹಳದಿ ಅಕ್ಷರ. ಟೈಟಲ್ ಓದುವ ಮುಂಚೆ ಜನ ಚಿತ್ರ ನೋಡಿ ಒತ್ತುತ್ತಾರೆ. ಈಗ ಏಪ್ರಿಲ್‌ನದಕ್ಕೆ ಕತ್ತರಿಸಿದ ಬೋಳು ಬಳ್ಳಿ, ಅಕ್ಟೋಬರ್‌ನದಕ್ಕೆ ಬಲಿತ ಕಡ್ಡಿಯ ಮೇಲೆ ಬೆರಳಿಟ್ಟ ಹತ್ತಿರದ ಚಿತ್ರ. ತಿಂಗಳ ಹೆಸರು ದೊಡ್ಡದಾಗಿ, ಎಡಗಡೆ ಮೇಲೆ. ಬಲಗಡೆ ಕೆಳಗೆ ಏನೂ ಬರೆಯಬೇಡಿ, ವಿಡಿಯೋದ ಉದ್ದ ತೋರಿಸುವ ಚೌಕ ಅದನ್ನು ಮುಚ್ಚುತ್ತದೆ.

ಗಡಿ ಭಾಗದ ಚಾನೆಲ್‌ಗಳಲ್ಲಿ ಇನ್ನೊಂದು ಅಡಗಿದ ಜಾಗ ಇದೆ. ಸಾಂಗಲಿ, ಸೊಲ್ಲಾಪುರ ಕಡೆಯ ಬೆಳೆಗಾರರೂ ನೋಡಲಿ ಎಂದು ಕೆಲವರು ಟೈಟಲ್‌ಗೆ ಮರಾಠಿ ಅನುವಾದ ಸೇರಿಸಿರುತ್ತಾರೆ. ಸ್ಟುಡಿಯೋದಲ್ಲಿ ಅದು ಲ್ಯಾಂಗ್ವೇಜಸ್ ಭಾಗದಲ್ಲಿ ಇರುತ್ತದೆ, ಮೊದಲು ಆ ಭಾಗಕ್ಕೆ ಸಬ್‌ಟೈಟಲ್ಸ್ ಎಂಬ ಹೆಸರಿತ್ತು. ಕನ್ನಡ ಟೈಟಲ್ ಬದಲಿಸಿದರೂ ಮರಾಠಿಯದು ಹಳೆಯದೇ ಉಳಿದಿರುತ್ತದೆ. ಫೋನ್ ಮರಾಠಿಯಲ್ಲಿ ಇಟ್ಟುಕೊಂಡವರಿಗೆ ಎರಡೂ ವಿಡಿಯೋ ಮತ್ತೆ ಒಂದೇ ಥರ ಕಾಣುತ್ತವೆ. ಅದನ್ನೂ ತಿದ್ದಿ.

ಎರಡೂ ನಿಜವಾಗಿ ಒಂದೇ ಆಗಿದ್ದರೆ

ಕೆಲವೊಮ್ಮೆ ಮೆಟಾಡೇಟಾ ಬೇರೆ ಮಾಡಿ ಪ್ರಯೋಜನ ಇಲ್ಲ, ಯಾಕೆಂದರೆ ಒಳಗಿನ ವಿಷಯವೇ ಒಂದು. ಹೊಸ ಕ್ಯಾಮೆರಾ ಬಂತು ಎಂದು ಅದೇ ಅಕ್ಟೋಬರ್ ಚಾಟನಿಯನ್ನು ಮತ್ತೆ ತೆಗೆದು ಹಾಕಿರುತ್ತೀರಿ. ಆಗ ಟೈಟಲ್‌ನಲ್ಲಿ ಇಲ್ಲದ ವ್ಯತ್ಯಾಸ ತೋರಿಸಲು ಹೋಗಬೇಡಿ, ಅದು ನೋಡುವವರಿಗೆ ಸುಳ್ಳು ಹೇಳಿದಂತೆ. ಎರಡರಲ್ಲಿ ಜನ ಹೆಚ್ಚು ಹೊತ್ತು ನೋಡುವುದನ್ನು ಉಳಿಸಿಕೊಳ್ಳಿ, ಇನ್ನೊಂದನ್ನು ಅನ್‌ಲಿಸ್ಟೆಡ್ ಮಾಡಿ, ಆಗ ಅದು ಹುಡುಕಾಟದಲ್ಲಿ ಕಾಣುವುದಿಲ್ಲ. ಡಿಲೀಟ್ ಬೇಡ. ಡಿಲೀಟ್ ಆದದ್ದು ಕಾಮೆಂಟ್ ಸಮೇತ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅನ್‌ಲಿಸ್ಟೆಡ್ ಆದರೆ ವಾಟ್ಸಾಪ್‌ನಲ್ಲಿ ಹಂಚಿದ ಹಳೆಯ ಲಿಂಕ್‌ಗಳು ತೆರೆಯುತ್ತಲೇ ಇರುತ್ತವೆ.

ಒಂದು ಎಚ್ಚರಿಕೆ. ಹಣ ಗಳಿಕೆಗೆ ಬೇಕಾದ 4000 ಗಂಟೆಯ ಲೆಕ್ಕಕ್ಕೆ ಪಬ್ಲಿಕ್ ವಿಡಿಯೋದ ಗಂಟೆಗಳು ಮಾತ್ರ ಸೇರುತ್ತವೆ. ಆ ಗಡಿಯ ಹತ್ತಿರ ಇರುವ ಚಾನೆಲ್ ಆಗಿದ್ದರೆ, ಅದು ದಾಟುವ ತನಕ ಹಳೆಯದನ್ನು ಪಬ್ಲಿಕ್ ಆಗೇ ಬಿಟ್ಟು, ಟೈಟಲ್‌ನಲ್ಲಿ ವರ್ಷ ಹಾಕಿ, ಹೊಸದರ ಕಾರ್ಡ್ ಸೇರಿಸಿ.

ಅರ್ಧ ಮಾತ್ರ ಒಂದೇ ಆಗಿದ್ದರೆ ಇನ್ನೊಂದು ದಾರಿ ಇದೆ. ಕಾಕಾ ಅವರ ಏಪ್ರಿಲ್ ವಿಡಿಯೋದ ಕೊನೆಗೆ ಅಕ್ಟೋಬರ್‌ನಲ್ಲಿ ಏನು ಮಾಡಬೇಕು ಎಂದು ಸ್ವಲ್ಪ ಹೊತ್ತು ಮಾತಾಡಿದ್ದರು. ಆ ಭಾಗವನ್ನು ಸ್ಟುಡಿಯೋದ ಎಡಿಟರ್‌ನಲ್ಲೇ ಕತ್ತರಿಸಿದೆವು. ಹಾಗೆ ಕತ್ತರಿಸಿದರೆ ಲಿಂಕ್, ವ್ಯೂಸ್, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. ಆದರೆ ಹಳೆಯ ಲಿಂಕ್‌ನಲ್ಲೇ ಹೊಸ ಫೈಲ್ ಹಾಕಲು ಮಾತ್ರ ಆಗುವುದಿಲ್ಲ.

ಯಾವಾಗ, ಹೇಗೆ ಪರೀಕ್ಷಿಸಬೇಕು

ತಿದ್ದುವ ಮುಂಚೆ ಹಳೆಯ ಟೈಟಲ್, ಡಿಸ್ಕ್ರಿಪ್ಷನ್‌ಗಳನ್ನು ಒಂದು ಕಡೆ ಉಳಿಸಿಡಿ, ಹಳೆಯ ಥಂಬ್‌ನೇಲ್‌ನ ಫೈಲ್ ಕೂಡ. ತಿದ್ದಿದ ತಾರೀಕು ಬರೆದಿಡಿ. ಮೊದಲು ತಪ್ಪಾಗಿ ಮೇಲೆ ಬರುತ್ತಿರುವ ವಿಡಿಯೋವನ್ನು ತಿದ್ದಿ, ಎರಡು ಮೂರು ವಾರ ಬಿಟ್ಟು ಇನ್ನೊಂದನ್ನು. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ. ಸೀಸನ್ ನಡುವೆ ಬೇಡ. ಅಕ್ಟೋಬರ್ ಚಾಟನಿಗೆ ಸಿದ್ಧವಾಗಬೇಕಾದರೆ ಆಗಸ್ಟ್ ಕೊನೆಗೇ ಕೆಲಸ ಶುರು ಮಾಡಿ. ಪಿನ್ ಮಾಡುವ ಕಾಮೆಂಟ್‌ಗೆ ಮಾತ್ರ ಕಾಯಬೇಡಿ, ದೋಷ ಕಂಡ ದಿನವೇ ಹಾಕಿ.

ತಿದ್ದಿದ ಮರುದಿನವೇ ಪಟ್ಟಿ ತೆರೆದು ಕೂರಬೇಡಿ. ಅನಲಿಟಿಕ್ಸ್‌ನ ಅಂಕಿ ಒಂದೆರಡು ದಿನ ತಡವಾಗಿ ಬರುತ್ತದೆ. ಮೊದಲ ವಾರದಲ್ಲಿ ಏಪ್ರಿಲ್ ವಿಡಿಯೋದ ವ್ಯೂಸ್ ಸ್ವಲ್ಪ ಇಳಿಯುವುದು ಸಹಜ, ತಪ್ಪಿ ಬರುತ್ತಿದ್ದವರು ನಿಂತರು ಎಂದಷ್ಟೇ ಅದರ ಅರ್ಥ. ಗಾಬರಿಯಾಗಿ ಹಳೆಯ ಟೈಟಲ್ ವಾಪಸ್ ಹಾಕುವವರು ಇಲ್ಲೇ ಎಡವುತ್ತಾರೆ. ಎರಡೂ ವಿಡಿಯೋದ ವ್ಯೂಸ್ ಕೂಡಿಸಿ ನೋಡಿ, ಅದರ ಜೊತೆ ಎರಡರಲ್ಲೂ ಜನ ನಿಂತು ನೋಡುವ ಶೇಕಡಾ ನೋಡಿ.

ದೋಷ ಹೋಗಿದೆ ಎಂದು ತಿಳಿಯುವುದು ಅದೇ ಸರ್ಚ್ ಪದಗಳ ಪಟ್ಟಿಯಿಂದ. ಏಪ್ರಿಲ್ ವಿಡಿಯೋದ ಪಟ್ಟಿಯಲ್ಲಿ `ಅಕ್ಟೋಬರ್ ಚಾಟನಿ` ಇಳಿಯುತ್ತಾ ಬರಬೇಕು, ಅಕ್ಟೋಬರ್ ವಿಡಿಯೋದಲ್ಲಿ ಏರಬೇಕು. ಬರೀ `ದ್ರಾಕ್ಷಿ ಚಾಟನಿ` ಎರಡು ಕಡೆಯೂ ಉಳಿಯಬಹುದು, ಉಳಿಯಲಿ. ಅದರ ಎದುರಿನ ನೋಡಿದ ಹೊತ್ತು ಏಪ್ರಿಲ್ ವಿಡಿಯೋದಲ್ಲೂ ಏರಿದ್ದರೆ ಸಾಕು, ಸರಿಯಾದವರೇ ಬರುತ್ತಿದ್ದಾರೆ ಎಂದರ್ಥ. ಒಂದು ಪೂರ್ತಿ ಸೀಸನ್ ಕಳೆದ ಮೇಲೂ ಅದು ಏರದಿದ್ದರೆ ಮೆಟಾಡೇಟಾ ಬಿಟ್ಟು ವಿಡಿಯೋದ ಮೊದಲ ಹದಿನೈದು ಸೆಕೆಂಡ್ ನೋಡಿ. ಕಾಕಾ ಅಲ್ಲಿ ನಮಸ್ಕಾರ ಹೇಳಿ, ಚಾನೆಲ್ ಹೆಸರು ಹೇಳಿ, ತೋಟ ತೋರಿಸುತ್ತಿದ್ದರು. ಏಪ್ರಿಲ್ ಎಂಬ ಮಾತು ಬಹಳ ತಡವಾಗಿ ಬರುತ್ತಿತ್ತು. ಮುಂದಿನ ಸಲ ಶೂಟಿಂಗ್ ಮಾಡುವಾಗ ಮೊದಲ ವಾಕ್ಯದಲ್ಲೇ ಯಾವ ಚಾಟನಿ ಎಂದು ಹೇಳಲು ಅವರಿಗೆ ಹೇಳಿದ್ದೇನೆ.